ಉತ್ತರ ಕೇಳಲು ಸರಿ, ಆದರೆ ಕೊಟ್ಟ ತುಣುಕಿನಲ್ಲಿ ಅದು ಇದೆಯೇ? ಆಕರನಿಷ್ಠೆ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಫ್ಲಾಟ್ ಬಾಡಿಗೆಗೆ ಕೊಟ್ಟರೆ ಸೊಸೈಟಿಗೆ ಎಷ್ಟು ಕಟ್ಟಬೇಕು? ಮುಂಬೈಯ ಯಾವ ಹೌಸಿಂಗ್ ಸೊಸೈಟಿಯ ಆಫೀಸಿಗೆ ಹೋದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಬೈಲಾ ಇಂಗ್ಲಿಷಿನಲ್ಲಿ, ಸರ್ಕ್ಯುಲರ್ ಮರಾಠಿಯಲ್ಲಿ, ಕೇಳುವವರು ಡೊಂಬಿವಲಿಯ ಅಥವಾ ಮುಲುಂಡಿನ ಕನ್ನಡದವರು. ಇಂಥವರಿಗಾಗಿ ಸೊಸೈಟಿಯ ಕಾಗದಪತ್ರಗಳನ್ನೆಲ್ಲ ಸೇರಿಸಿ, ಪ್ರಶ್ನೆಗೆ ಹೊಂದುವ ನಾಲ್ಕಾರು ತುಣುಕುಗಳನ್ನು ಹುಡುಕಿ ತೆಗೆದು, ಅವನ್ನು ಭಾಷಾ ಮಾಡೆಲ್‌ನ ಮುಂದಿಟ್ಟು ಕನ್ನಡದಲ್ಲಿ ಉತ್ತರ ಬರೆಸುವ ಸಹಾಯಕವೊಂದನ್ನು ಕಟ್ಟಿದ್ದೀರಿ ಎಂದುಕೊಳ್ಳಿ. ಈ ವಿಧಾನವನ್ನು ಆರ್‌ಎಜಿ ಎನ್ನುತ್ತಾರೆ. ರಿಟ್ರೀವಲ್-ಆಗ್ಮೆಂಟೆಡ್ ಜನರೇಶನ್ ಎಂಬುದರ ಚುಟುಕು ರೂಪ ಅದು, ಹೆಸರು ಬಂದದ್ದು 2020ರ ಒಂದು ಸಂಶೋಧನಾ ಪ್ರಬಂಧದಿಂದ.

ಉತ್ತರ ಬಂತು, ಓದಿದ ಕಾರ್ಯದರ್ಶಿ “ಸರಿಯಾಗಿದೆ” ಎಂದರು. ಇಲ್ಲೇ ಎರಡು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಉತ್ತರ ಲೋಕದಲ್ಲಿ ನಿಜವೇ ಎಂಬುದು ಒಂದು. ಉತ್ತರದಲ್ಲಿರುವ ಪ್ರತಿ ಮಾತೂ ಮಾಡೆಲ್‌ಗೆ ಕೊಟ್ಟ ತುಣುಕುಗಳಿಂದಲೇ ಬಂದಿದೆಯೇ ಎಂಬುದು ಇನ್ನೊಂದು. ಎರಡನೆಯದನ್ನು ಇಲ್ಲಿ ಆಕರನಿಷ್ಠೆ ಎಂದು ಕರೆಯೋಣ. ಮುಂದಿನ ಹಂತಗಳೆಲ್ಲ ಇದನ್ನು ಮಾತ್ರ ಅಳೆಯುವುದಕ್ಕೆ.

ಎರಡನ್ನೂ ಏಕೆ ಬೇರೆ ಇಡಬೇಕು

ಉತ್ತರ ನಿಜವೂ ಆಗಿದ್ದು ಆಕರಕ್ಕೂ ನಿಷ್ಠವಾಗಿದ್ದರೆ ಮಾತೇ ಇಲ್ಲ. ಎರಡೂ ಅಲ್ಲದಿದ್ದರೆ ಯಾರಾದರೂ ಬೇಗ ಹಿಡಿದುಬಿಡುತ್ತಾರೆ. ಕಷ್ಟ ಇರುವುದು ನಡುವಿನ ಎರಡರಲ್ಲಿ.

ಆಕರಕ್ಕೆ ನಿಷ್ಠ, ಆದರೆ ತಪ್ಪು: ಸಂಗ್ರಹದಲ್ಲಿ ರದ್ದಾದ ಹಳೆಯ ಸರ್ಕ್ಯುಲರ್ ಉಳಿದಿದೆ, ಮಾಡೆಲ್ ಅದನ್ನೇ ಪ್ರಾಮಾಣಿಕವಾಗಿ ಹೇಳಿದೆ. ಇಲ್ಲಿ ಮಾಡೆಲ್‌ಗೆ ಕೊಟ್ಟ ಸೂಚನೆಯನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಕಾಗದಪತ್ರಗಳನ್ನು ಶುಚಿ ಮಾಡಬೇಕು. ನಿಜ, ಆದರೆ ಆಕರದಲ್ಲಿ ಇಲ್ಲ: ಮಾಡೆಲ್ ತನ್ನ ತರಬೇತಿಯ ನೆನಪಿನಿಂದ ಹೇಳಿದೆ, ಈ ಸಲ ಅದು ಸರಿಹೊಂದಿದೆ. ಅದೇ ದಾರಿಯಲ್ಲಿ ಇನ್ನೊಂದು ಪ್ರಶ್ನೆಗೆ ಬೇರೆ ರಾಜ್ಯದ ನಿಯಮವೋ ಪಕ್ಕದ ಸೊಸೈಟಿಯ ವಾಡಿಕೆಯೋ ಬರುತ್ತದೆ, ಮತ್ತು ಅದೂ ಇಷ್ಟೇ ನಯವಾಗಿ ಓದಿಸಿಕೊಳ್ಳುತ್ತದೆ. ಈ ಎರಡನೆಯ ಬಗೆಯನ್ನು “ಸರಿಯಾಗಿದೆಯಲ್ಲ” ಎಂದು ಬಿಟ್ಟುಬಿಡುವುದರಿಂದಲೇ ಹಲವು ತಂಡಗಳ ಅಂಕಗಳು ಅರ್ಥ ಕಳೆದುಕೊಳ್ಳುವುದು.

ಮೊದಲ ಹಂತ: ಮಾಡೆಲ್ ಕಂಡದ್ದನ್ನು ಕಂಡಂತೆಯೇ ಇಡಿ

ಪ್ರತಿ ಉತ್ತರದ ಜೊತೆ ನಾಲ್ಕು ವಸ್ತು ದಾಖಲಾಗಬೇಕು: ಪ್ರಶ್ನೆ, ಮಾಡೆಲ್‌ಗೆ ಹೋದ ತುಣುಕುಗಳ ಪೂರ್ತಿ ಪಠ್ಯ, ಅವುಗಳ ಗುರುತು ಮತ್ತು ಕ್ರಮ, ಕೊನೆಗೆ ಉತ್ತರ. ತುಣುಕಿನ ಗುರುತಿನ ಸಂಖ್ಯೆಯನ್ನಷ್ಟೇ ಇಟ್ಟುಕೊಂಡು ಆಮೇಲೆ ಸಂಗ್ರಹದಿಂದ ಪಠ್ಯ ತೆಗೆದರಾಯಿತು ಎನ್ನುವುದು ಸಾಲದು. ಅಷ್ಟರಲ್ಲಿ ಸಂಗ್ರಹ ಬದಲಾಗಿರುತ್ತದೆ. ಇಲ್ಲವೇ ಉದ್ದ ಮೀರಿತೆಂದು ಕೊನೆಯ ತುಣುಕಿನ ಬಾಲ ಕತ್ತರಿಸಿಹೋಗಿರುತ್ತದೆ. ಕತ್ತರಿಸಿದ ಭಾಗ ಮಾಡೆಲ್ ಕಣ್ಣಿಗೆ ಬಿದ್ದೇ ಇಲ್ಲ. ಪರೀಕ್ಷಿಸುವವರು ಅದನ್ನು ಓದಿ “ಆಧಾರ ಇದೆ” ಎಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಸಂಭಾಷಣೆಯಲ್ಲಿ ಹಿಂದಿನ ಪ್ರಶ್ನೋತ್ತರಗಳೂ ಮಾಡೆಲ್‌ಗೆ ಹೋಗುತ್ತಿದ್ದರೆ ಅವನ್ನೂ ದಾಖಲಿಸಿ, ಆದರೆ ಆಧಾರ ಎಂದು ಎಣಿಸಬೇಡಿ. ಮಾಡೆಲ್ ತಾನೇ ಹಿಂದೆ ಹೇಳಿದ್ದನ್ನು ಈಗ ಸಾಕ್ಷಿಯಾಗಿ ತರಲು ಬಿಟ್ಟರೆ ಮೊದಲ ತಪ್ಪು ಕೊನೆಯವರೆಗೂ ಪಾಸಾಗುತ್ತಾ ಹೋಗುತ್ತದೆ.

ಎರಡನೆಯ ಹಂತ: ಉತ್ತರವನ್ನು ಹೇಳಿಕೆಗಳಾಗಿ ಬಿಡಿಸಿ

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ತುಣುಕುಗಳನ್ನು ಈ ಲೇಖನಕ್ಕೆಂದೇ ರಚಿಸಿದ್ದು. ಮೊತ್ತಗಳು ಯಾವ ಸೊಸೈಟಿಯವೂ ಅಲ್ಲ.

```
ತುಣುಕು ಅ: ಸದಸ್ಯರು ಫ್ಲಾಟನ್ನು ಬಾಡಿಗೆಗೆ ಕೊಟ್ಟಾಗ ಸೊಸೈಟಿಯು
ನಾನ್-ಆಕ್ಯುಪೆನ್ಸಿ ಚಾರ್ಜ್ ವಿಧಿಸಬಹುದು. ಇದು ಸೇವಾ ಶುಲ್ಕದ
ಶೇ. 10ನ್ನು ಮೀರಬಾರದು.

ತುಣುಕು ಆ: ಬಾಡಿಗೆದಾರರು ಬರುವ ಮುನ್ನ ಸದಸ್ಯರು ಲೀವ್ ಅಂಡ್ ಲೈಸೆನ್ಸ್
ಕರಾರಿನ ನೋಂದಾಯಿತ ಪ್ರತಿಯನ್ನೂ ಪೊಲೀಸ್ ವೆರಿಫಿಕೇಶನ್ ಪ್ರತಿಯನ್ನೂ
ಆಫೀಸಿಗೆ ಕೊಡಬೇಕು.

ತುಣುಕು ಇ: ತಿಂಗಳ ಮೆಂಟೆನೆನ್ಸ್ ಬಿಲ್ ರೂ. 4,200. ಸೇವಾ ಶುಲ್ಕ 2,600,
ಮುನ್ಸಿಪಲ್ ತೆರಿಗೆ 900, ಸಿಂಕಿಂಗ್ ಫಂಡ್ 400, ಪಾರ್ಕಿಂಗ್ 300.
```

ಮಾಡೆಲ್ ಕೊಟ್ಟ ಉತ್ತರ ಹೀಗಿದೆ:

```
ಫ್ಲಾಟ್ ಬಾಡಿಗೆಗೆ ಕೊಟ್ಟರೆ ನೀವು ನಾನ್-ಆಕ್ಯುಪೆನ್ಸಿ ಚಾರ್ಜ್ ಕಟ್ಟಲೇಬೇಕು.
ಅದು ಮೆಂಟೆನೆನ್ಸ್ ಬಿಲ್‌ನ ಶೇ. 10, ಅಂದರೆ ತಿಂಗಳಿಗೆ ರೂ. 420.
ಮಗ, ಮಗಳು, ಅಣ್ಣ-ತಮ್ಮಂದಿರಂಥ ಹತ್ತಿರದ ಸಂಬಂಧಿಕರಿಗೆ ಕೊಟ್ಟರೆ ಈ ಚಾರ್ಜ್
ಇಲ್ಲ. ಕರಾರಿನ ನೋಂದಾಯಿತ ಪ್ರತಿಯನ್ನೂ ಪೊಲೀಸ್ ವೆರಿಫಿಕೇಶನ್ ಪ್ರತಿಯನ್ನೂ
ಆಫೀಸಿಗೆ ಕೊಡಬೇಕು.
```

ಸೊಸೈಟಿ ವ್ಯವಹಾರ ಬಲ್ಲವರಿಗೂ ಮೊದಲ ಓದಿಗೆ ಇದು ಸರಿಯೆಂದೇ ಅನ್ನಿಸುತ್ತದೆ. ಶೇ. 10 ಎಂಬುದು ಪರಿಚಿತ ಅಂಕಿ. 2001ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ ಮಿತಿ ಅಷ್ಟೇ. ಹತ್ತಿರದ ಸಂಬಂಧಿಕರಿಗೆ ವಿನಾಯಿತಿ ಇರುವುದೂ ನಿಜ.

ಇನ್ನು ಬಿಡಿಸುವುದು. ಒಂದು ಹೇಳಿಕೆ ಎಂದರೆ ತಾನೇ ಸರಿಯೋ ತಪ್ಪೋ ಆಗಬಲ್ಲ ಅತಿ ಚಿಕ್ಕ ಮಾತು. “ಅದು”, “ಈ ಚಾರ್ಜ್” ಎಂಬಲ್ಲಿ ಏನನ್ನು ಕುರಿತು ಹೇಳಿದೆಯೋ ಆ ಹೆಸರನ್ನೇ ಹಾಕಿ, ಏಕೆಂದರೆ ಹೇಳಿಕೆಯನ್ನು ಮುಂದೆ ಒಂಟಿಯಾಗಿ ಓದಲಾಗುತ್ತದೆ. ಆದರೆ ಷರತ್ತನ್ನು ಮಾತ್ರ ಅದರ ಹೇಳಿಕೆಯಿಂದ ಕೀಳಬೇಡಿ. “ಹತ್ತಿರದ ಸಂಬಂಧಿಕರಿಗೆ ಕೊಟ್ಟರೆ ಚಾರ್ಜ್ ಇಲ್ಲ” ಎಂಬುದನ್ನು “ಚಾರ್ಜ್ ಇಲ್ಲ” ಎಂದು ಒಡೆದರೆ ಮಾಡೆಲ್ ಹೇಳದೇ ಇದ್ದ ಸುಳ್ಳೊಂದನ್ನು ನಾವೇ ಹುಟ್ಟಿಸಿದಂತಾಯಿತು. “ಮೀರದಂತೆ”, “ಮಾತ್ರ”, “ಹೊರತು”, “ಬರುವ ಮುನ್ನ” ಇಂಥವೆಲ್ಲ ಷರತ್ತುಗಳೇ. ನಮಸ್ಕಾರ, “ಇನ್ನೇನಾದರೂ ಬೇಕಿದ್ದರೆ ಕೇಳಿ” ಇಂಥ ಉಪಚಾರದ ಮಾತು ಲೆಕ್ಕಕ್ಕಿಲ್ಲ.

ಮೇಲಿನ ಉತ್ತರದಿಂದ ಏಳು ಹೇಳಿಕೆ ಹೊರಡುತ್ತವೆ. 1: ಬಾಡಿಗೆಗೆ ಕೊಟ್ಟರೆ ಚಾರ್ಜ್ ಕಡ್ಡಾಯ. 2: ಚಾರ್ಜನ್ನು ಲೆಕ್ಕ ಹಾಕುವುದು ಮೆಂಟೆನೆನ್ಸ್ ಬಿಲ್‌ನ ಮೇಲೆ. 3: ಚಾರ್ಜ್‌ನ ದರ ಶೇ. 10. 4: ಚಾರ್ಜ್ ತಿಂಗಳಿಗೆ ರೂ. 420. 5: ಹತ್ತಿರದ ಸಂಬಂಧಿಕರಿಗೆ ಕೊಟ್ಟರೆ ಚಾರ್ಜ್ ಇಲ್ಲ. 6: ಕರಾರಿನ ನೋಂದಾಯಿತ ಪ್ರತಿ ಕೊಡಬೇಕು. 7: ಪೊಲೀಸ್ ವೆರಿಫಿಕೇಶನ್ ಪ್ರತಿ ಕೊಡಬೇಕು.

ಮೂರನೆಯ ಹಂತ: ಸಾಲು ತೋರಿಸಿ, ಆಮೇಲೆ ತೀರ್ಪು

ತೀರ್ಪು ಮೂರು ಬಗೆ: ಆಧಾರ ಇದೆ, ಆಧಾರ ಇಲ್ಲ, ಆಧಾರಕ್ಕೆ ವಿರುದ್ಧ. ತೀರ್ಪಿಗೆ ಮೊದಲು ತುಣುಕಿನ ಸಾಲನ್ನು ಅಕ್ಷರಶಃ ಎತ್ತಿ ಬರೆಯುವುದು ಕಡ್ಡಾಯ. ಈ ಅನುಕ್ರಮ ಮುಖ್ಯ. ಮೊದಲು “ಇದೆ” ಎಂದು ಮನಸ್ಸಿನಲ್ಲಿ ನಿರ್ಧರಿಸಿ ಆಮೇಲೆ ಸಾಲು ಹುಡುಕಿದರೆ ಅರ್ಧಂಬರ್ಧ ಹೊಂದುವ ಯಾವುದೋ ಒಂದು ಸಾಲು ಸಿಕ್ಕೇ ಸಿಗುತ್ತದೆ. ಮನುಷ್ಯರೂ ಹೀಗೆ ಮಾಡುತ್ತಾರೆ, ತೀರ್ಪು ಕೊಡಲು ಹಚ್ಚಿದ ಮಾಡೆಲ್ ಕೂಡ.

ಹೇಳಿಕೆ 6 ಮತ್ತು 7ಕ್ಕೆ ತುಣುಕು ಆದಲ್ಲಿ ನೇರ ಸಾಲಿದೆ. ಆಧಾರ ಇದೆ.

ಹೇಳಿಕೆ 2 ತುಣುಕು ಅಕ್ಕೆ ವಿರುದ್ಧ. ಅಲ್ಲಿರುವುದು ಸೇವಾ ಶುಲ್ಕ, ಪೂರ್ತಿ ಬಿಲ್ ಅಲ್ಲ. ತುಣುಕು ಇ ಎರಡನ್ನೂ ಬೇರೆಯಾಗಿಯೇ ತೋರಿಸಿದೆ. ಹಾಗಾಗಿ 4ನೆಯದೂ ವಿರುದ್ಧ. ತುಣುಕುಗಳ ಪ್ರಕಾರ 2,600ರ ಶೇ. 10, ಅಂದರೆ ಹೆಚ್ಚೆಂದರೆ ರೂ. 260.

ಈ 260 ಎಂಬ ಅಂಕಿಯೂ ಯಾವ ತುಣುಕಿನಲ್ಲೂ ಬರೆದಿಲ್ಲವಲ್ಲ ಎಂಬ ಪ್ರಶ್ನೆ ಏಳುತ್ತದೆ. ಲೆಕ್ಕದಿಂದ ಬಂದ ಅಂಕಿಗೆ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಿ: ಲೆಕ್ಕಕ್ಕೆ ಬೇಕಾದ ಪ್ರತಿ ಅಂಕಿಯೂ ತುಣುಕಿನಲ್ಲಿದ್ದು, ಲೆಕ್ಕ ಮಾಡುವ ರೀತಿಯನ್ನು ತುಣುಕೇ ಹೇಳಿದ್ದರೆ ಆಧಾರ ಇದೆ. ಎರಡು ಸಾಲುಗಳನ್ನೂ ಎತ್ತಿ ಬರೆಯಬೇಕು. ರೂ. 420ರ ಲೆಕ್ಕದಲ್ಲಿ ಗುಣಾಕಾರವೇನೋ ಸರಿ, 4,200 ಎಂಬುದೂ ತುಣುಕಿನಲ್ಲಿದೆ. ತಪ್ಪಿದ್ದು ಯಾವುದರ ಮೇಲೆ ಶೇಕಡಾ ಹಾಕಬೇಕು ಎಂಬಲ್ಲಿ. ಅಂಕಿ ತುಣುಕಿನಲ್ಲಿದೆಯೇ ಎಂದಷ್ಟೇ ನೋಡುವ ಪರೀಕ್ಷೆ ಇದನ್ನು ಹಿಡಿಯಲಾರದು.

ಹೇಳಿಕೆ 3ರಲ್ಲಿ “ಮೀರಬಾರದು” ಎಂಬ ಮಿತಿ “ಇಷ್ಟು” ಎಂಬ ದರವಾಗಿ ಬದಲಾಗಿದೆ. ಸೊಸೈಟಿ ಶೇ. 8 ಎಂದು ನಿರ್ಣಯ ಮಾಡಿದ್ದರೂ ತುಣುಕು ಅ ಸರಿಯಾಗಿಯೇ ಇರುತ್ತದೆ, ಉತ್ತರ ತಪ್ಪಾಗುತ್ತದೆ. ಆದ್ದರಿಂದ ಆಧಾರ ಇಲ್ಲ. ಹೇಳಿಕೆ 1ರದೂ ಇದೇ ಜಾತಿ: “ವಿಧಿಸಬಹುದು” ಎಂದಿದ್ದದ್ದು “ಕಟ್ಟಲೇಬೇಕು” ಆಗಿದೆ. ಕನ್ನಡದಲ್ಲಿ ಇದೆಲ್ಲ ಕ್ರಿಯಾಪದದ ಬಾಲದಲ್ಲಿ ಅಡಗಿರುವುದರಿಂದ ಕಣ್ಣು ಸುಲಭವಾಗಿ ಜಾರುತ್ತದೆ. ಹೇಳಿಕೆ ಮತ್ತು ಸಾಲು ಎರಡರಲ್ಲೂ ಬಹುದು, ಬೇಕು, ಬಾರದು, ಇಲ್ಲ ಇವುಗಳಿಗೆ ಗೆರೆ ಎಳೆದು ಹೋಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಹೇಳಿಕೆ 5 ಈ ಇಡೀ ಕಸರತ್ತಿನ ತಿರುಳು. ಅದು ನಿಜ. ಕೊಟ್ಟ ಮೂರು ತುಣುಕುಗಳಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ತೀರ್ಪು: ಆಧಾರ ಇಲ್ಲ. ನಿಯಮ ಬಲ್ಲವರ ಕೈ ಇಲ್ಲಿ ತಡೆಯುತ್ತದೆ, “ಗೊತ್ತಿರುವುದೇ ತಾನೆ” ಅನ್ನಿಸುತ್ತದೆ. ಅದಕ್ಕೇ ಆಕರನಿಷ್ಠೆಯ ತೀರ್ಪು ಕೊಡುವವರಿಗೆ ಸರಿಯುತ್ತರದ ಪಟ್ಟಿ ತೋರಿಸಬಾರದು. ಸಾಧ್ಯವಾದರೆ ಸೊಸೈಟಿ ಕಾನೂನು ಹೆಚ್ಚು ತಿಳಿಯದವರಿಗೇ ಈ ಕೆಲಸ ಕೊಡಿ, ಕಾನೂನು ಬಲ್ಲವರನ್ನು ಉತ್ತರ ನಿಜವೇ ಎಂದು ನೋಡುವ ಇನ್ನೊಂದು ಪಟ್ಟಿಗೆ ಕೂರಿಸಿ.

ಒಟ್ಟು ಏಳರಲ್ಲಿ ಆಧಾರ ಇರುವುದು ಎರಡು, ಆಧಾರ ಇಲ್ಲದ್ದು ಮೂರು, ವಿರುದ್ಧವಾದದ್ದು ಎರಡು. ಇಂಥ ಉತ್ತರಗಳನ್ನು ಅಳೆಯಲೆಂದೇ ಇರುವ ರಾಗಾಸ್‌ನಂಥ ಪರಿಕರಗಳು ಕೊಡುವ ಆಕರನಿಷ್ಠೆಯ ಅಂಕ ಈ ಅನುಪಾತವೇ: ಆಧಾರ ಇರುವ ಹೇಳಿಕೆಗಳನ್ನು ಒಟ್ಟು ಹೇಳಿಕೆಗಳಿಂದ ಭಾಗಿಸುವುದು. ಇಲ್ಲಿ 2/7, ಸುಮಾರು 0.29. ಅನುಪಾತವೊಂದನ್ನೇ ನಂಬಿ ಕೂರಬೇಡಿ. ಮಾಡೆಲ್ ಇದೇ ಉತ್ತರಕ್ಕೆ ತುಣುಕಿನಿಂದ ಇನ್ನೂ ಹತ್ತು ನಿರಪಾಯದ ವಾಕ್ಯ ಎತ್ತಿ ಸೇರಿಸಿದ್ದರೆ ಅಂಕ 12/17, ಅಂದರೆ 0.71 ಆಗುತ್ತಿತ್ತು; ಸದಸ್ಯರು ಆಗಲೂ ರೂ. 420ನ್ನೇ ಕಟ್ಟುತ್ತಿದ್ದರು. ಅನುಪಾತದ ಪಕ್ಕದಲ್ಲಿ ಇನ್ನೊಂದು ಅಂಕಣ ಇಡಿ: ವಿರುದ್ಧವಾದ ಹೇಳಿಕೆ ಒಂದಿದ್ದರೂ ಇಡೀ ಉತ್ತರ ಫೇಲ್. ಹಣ, ದಿನಾಂಕ, ಕಡ್ಡಾಯ ಇವುಗಳ ಬಗ್ಗೆ ಆಧಾರವಿಲ್ಲದ ಹೇಳಿಕೆ ಇದ್ದರೂ ಫೇಲ್.

ಎತ್ತಿ ಬರೆದ ಸಾಲು ನಿಜಕ್ಕೂ ತುಣುಕಿನಲ್ಲಿದೆಯೇ

ತೀರ್ಪನ್ನು ಮಾಡೆಲ್‌ನಿಂದ ಕೊಡಿಸುವಾಗ ಅದು ತುಣುಕಿನಲ್ಲಿಲ್ಲದ ಸಾಲನ್ನೇ ಉದ್ಧರಣೆ ಎಂದು ಬರೆದುಬಿಡುವುದುಂಟು. ಇದನ್ನು ಹಿಡಿಯಲು ಇನ್ನೊಂದು ಮಾಡೆಲ್ ಬೇಡ, ಅಕ್ಷರ ಹೋಲಿಕೆ ಸಾಕು. ಕನ್ನಡದಲ್ಲಿ ನೇರ ಹೋಲಿಕೆ ಮಾತ್ರ ಸುಮ್ಮಸುಮ್ಮನೆ ಸೋಲುತ್ತದೆ. “ಕೊ” ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. “ಬಿಲ್‌ನ” ಎಂಬಲ್ಲಿ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತವಿದೆ, ಕೆಲವರು ಅದನ್ನು ಹಾಕುವುದಿಲ್ಲ. ಅಂಕಿಗಳು 10 ಎಂದೂ ೧೦ ಎಂದೂ, ಮರಾಠಿ ಸರ್ಕ್ಯುಲರ್‌ನಲ್ಲಿ ದೇವನಾಗರಿಯಲ್ಲೂ ಬರುತ್ತವೆ. ಇವನ್ನೆಲ್ಲ ಒಂದು ಅಚ್ಚಿಗೆ ತಂದ ಮೇಲೆ ಹೋಲಿಸಿ:

```python
import re, unicodedata

SRC = "೦೧೨೩೪೫೬೭೮೯" + "०१२३४५६७८९"
DIGITS = {ord(c): str(i % 10) for i, c in enumerate(SRC)}

def clean(s):
    s = unicodedata.normalize("NFC", s)
    s = re.sub("[\u200b\u200c\u200d]", "", s)
    s = s.translate(DIGITS)
    s = re.sub(r"(?<=\d),(?=\d)", "", s)
    return re.sub(r"\s+", " ", s).strip()

def quoted(quote, passage):
    q = clean(quote)
    return len(q.split()) >= 4 and q in clean(passage)
```

ಕೊನೆಯ ಸಾಲಿನ ನಾಲ್ಕು ಪದಗಳ ಕನಿಷ್ಠ ಮಿತಿ ಸುಮ್ಮನೆ ಇಟ್ಟದ್ದಲ್ಲ. “10” ಎಂಬ ಉದ್ಧರಣೆ “2100”ರ ಒಳಗೂ ಸಿಗುತ್ತದೆ. ಈ ಪರೀಕ್ಷೆ ಫೇಲ್ ಆದ ತೀರ್ಪನ್ನು “ಆಧಾರ ಇಲ್ಲ” ಎಂದು ತಾನಾಗಿ ಬದಲಿಸಬೇಡಿ. ಮನುಷ್ಯರ ಕಣ್ಣಿಗೆ ಕಳಿಸಿ. ಸ್ಕ್ಯಾನ್ ಮಾಡಿದ ಕಾಗದದಿಂದ ಬಂದ ಪಠ್ಯದಲ್ಲಿ ಅಕ್ಷರದೋಷವಿದ್ದು, ತೀರ್ಪು ಕೊಡುವ ಮಾಡೆಲ್ ಅದನ್ನು ತಿದ್ದಿ ಉದ್ಧರಿಸಿರಬಹುದು.

ತುಣುಕು ಮರಾಠಿಯಲ್ಲಿದ್ದರೆ ಮೊದಲು ಕನ್ನಡಕ್ಕೆ ಅನುವಾದಿಸಿ ಆಮೇಲೆ ಪರೀಕ್ಷಿಸುವ ದಾರಿ ಹಿಡಿಯಬೇಡಿ. “ಜಾಸ್ತೀತ ಜಾಸ್ತ 10 ಟಕ್ಕೆ”, ಅಂದರೆ ಹೆಚ್ಚೆಂದರೆ ಶೇ. 10, ಎಂದಿದ್ದದ್ದರಲ್ಲಿ ಮೊದಲೆರಡು ಪದ ಅನುವಾದದಲ್ಲಿ ಬಿದ್ದುಹೋದರೆ ತಪ್ಪಾದ ಹೇಳಿಕೆ 3 ಪಾಸಾಗುತ್ತದೆ. ಉದ್ಧರಣೆ ಮೂಲ ಭಾಷೆಯಲ್ಲೇ ಇರಲಿ, ತೀರ್ಪು ಕೊಡುವವರು ಎರಡೂ ಭಾಷೆ ಓದಬಲ್ಲವರಾಗಿರಲಿ. ಮುಂಬೈ, ಪುಣೆಗಳಲ್ಲಿ ಅಂಥ ಕನ್ನಡದವರಿಗೇನೂ ಬರವಿಲ್ಲ.

ನಾಲ್ಕನೆಯ ಹಂತ: ಅಂಕಿ ಬದಲಿಸಿ ನೋಡಿ, ತುಣುಕು ತೆಗೆದು ನೋಡಿ

ಇಲ್ಲಿಯವರೆಗಿನ ಕೆಲಸಕ್ಕೆ ಒಂದು ಕುರುಡು ಜಾಗವಿದೆ. ತುಣುಕಿನಲ್ಲೂ ಶೇ. 10 ಇದೆ, ಮಾಡೆಲ್‌ನ ನೆನಪಿನಲ್ಲೂ ಶೇ. 10 ಇದೆ. ಉತ್ತರದಲ್ಲಿ ಬಂದ ಶೇ. 10 ಯಾವುದರಿಂದ ಬಂತು? ಸಾಲು ಹೊಂದಿತು ಎಂದಷ್ಟಕ್ಕೆ ಮಾಡೆಲ್ ಅದನ್ನು ಓದಿಯೇ ಬರೆಯಿತು ಎನ್ನಲಾಗದು. ತಿಳಿಯಬೇಕಾದರೆ ಆಕರವನ್ನೇ ಅಲುಗಾಡಿಸಬೇಕು.

ತುಣುಕು ಅದಲ್ಲಿ “ಶೇ. 10” ಎಂಬುದನ್ನು “ಶೇ. 6” ಎಂದು ಬದಲಿಸಿ, ಬೇರೇನನ್ನೂ ಮುಟ್ಟದೆ ಅದೇ ಪ್ರಶ್ನೆ ಕೇಳಿ. ಆಕರನಿಷ್ಠ ಮಾಡೆಲ್ ಹೆಚ್ಚೆಂದರೆ ಶೇ. 6, ರೂ. 156 ಎನ್ನಬೇಕು. ಆಗಲೂ ಶೇ. 10 ಎಂದರೆ ಅದು ತುಣುಕನ್ನು ಓದುತ್ತಿಲ್ಲ, ನೆನಪನ್ನು ಒಪ್ಪಿಸುತ್ತಿದೆ. ಬದಲಿ ಅಂಕಿ ನಂಬುವಂತಿರಬೇಕು, ಶೇ. 600 ಎಂದು ಹಾಕಿದರೆ ಮಾಡೆಲ್ ಅದನ್ನು ಅಚ್ಚಿನ ತಪ್ಪೆಂದು ತಿದ್ದಿದರೂ ದೂರಲಾಗದು. ಅದೇ ಅಂಕಿ ಬೇರೆ ತುಣುಕುಗಳಲ್ಲಿದ್ದರೆ ಅಲ್ಲೂ ಬದಲಿಸಿ, ಇಲ್ಲದಿದ್ದರೆ ಪರೀಕ್ಷೆಯಾಗುವುದು ತುಣುಕುಗಳ ನಡುವಿನ ಜಗಳ. ಅಂಕಿ ಮಾತ್ರವಲ್ಲ, “ಬರುವ ಮುನ್ನ” ಎಂಬುದನ್ನು “ಬಂದ 15 ದಿನದೊಳಗೆ” ಎಂದೂ, “ವಿಧಿಸಬಹುದು” ಎಂಬುದನ್ನು “ವಿಧಿಸುವಂತಿಲ್ಲ” ಎಂದೂ ಬದಲಿಸಿ ನೋಡಬಹುದು. ನಿಷೇಧದ ಬದಲಾವಣೆಯನ್ನು ಬಿಡಬೇಡಿ. ಅಂಕಿಯನ್ನು ಪಾಲಿಸುವ ಮಾಡೆಲ್ ನಿಷೇಧವನ್ನು ನುಂಗಿಬಿಡಬಹುದು.

ಎರಡನೆಯ ಪ್ರಯೋಗದಲ್ಲಿ ತುಣುಕು ಅವನ್ನು ಪೂರ್ತಿ ತೆಗೆದು, ಆ ಮತ್ತು ಇಗಳನ್ನು ಮಾತ್ರ ಕೊಡಿ. ಬರಬೇಕಾದ ಉತ್ತರ: ಚಾರ್ಜ್ ಎಷ್ಟೆಂದು ಕೊಟ್ಟ ದಾಖಲೆಗಳಲ್ಲಿ ಇಲ್ಲ, ಕೊಡಬೇಕಾದ ಕಾಗದಗಳು ಇವು. ಆಧಾರ ತೆಗೆದ ಮೇಲೂ ಶೇ. 10 ಬಂದರೆ ಪರಿಣಾಮ ಸ್ಪಷ್ಟ. ನಿಜವಾದ ಬಳಕೆಯಲ್ಲಿ ಹುಡುಕಾಟವೇ ಸೋತು ಸರಿಯಾದ ತುಣುಕು ಬಾರದ ದಿನ ಏನಾಗುತ್ತದೆ ಎಂಬುದನ್ನೂ ಇದು ಮೊದಲೇ ತೋರಿಸಿಬಿಡುತ್ತದೆ.

ಒಂದೇ ಓಟದ ಮೇಲೆ ತೀರ್ಮಾನ ಬೇಡ. ಒಂದೇ ಪ್ರಶ್ನೆಗೆ ಉತ್ತರ ಸಲದಿಂದ ಸಲಕ್ಕೆ ಎಷ್ಟು ಬದಲಾಗಬಹುದೆಂದು ನಿರ್ಧರಿಸುವ ಯಾದೃಚ್ಛಿಕತೆಯ ಮಟ್ಟವನ್ನು ಬಳಕೆಯಲ್ಲಿ ಇರುವಷ್ಟೇ ಇಟ್ಟು ಪ್ರತಿ ಬದಲಾವಣೆಗೆ ಐದು ಸಲ ಓಡಿಸಿ, ಐದರಲ್ಲಿ ಎಷ್ಟು ಸಲ ಉತ್ತರ ಆಕರವನ್ನು ಹಿಂಬಾಲಿಸಿತು ಎಂದು ಬರೆದುಕೊಳ್ಳಿ. ಎಲ್ಲ ಪ್ರಶ್ನೆಗಳಿಗೂ ಇದನ್ನು ಮಾಡುವಷ್ಟು ಸಮಯ ಯಾರಿಗಿದೆ? ಮೂವತ್ತು ಪ್ರಶ್ನೆ ಆರಿಸಿದರೆ ಸಾಕು, ಆದರೆ ಲೋಕಪ್ರಸಿದ್ಧ ನಿಯಮಗಳನ್ನೇ ಆರಿಸಿ. ಮಾಡೆಲ್‌ನ ನೆನಪು ಗಟ್ಟಿಯಾಗಿರುವುದು ಅಲ್ಲೇ. ನಿಮ್ಮ ಸೊಸೈಟಿಯ ಲಿಫ್ಟ್ ಯಾವ ಹೊತ್ತಿಗೆ ನಿಲ್ಲುತ್ತದೆ ಎಂಬುದು ಅದಕ್ಕೆ ನೆನಪಿನಿಂದ ಗೊತ್ತಿರುವ ಸಾಧ್ಯತೆಯೇ ಇಲ್ಲ.

ಐದನೆಯ ಹಂತ: ತೀರ್ಪು ಕೊಡುವ ಮಾಡೆಲ್ ಅನ್ನೇ ಪರೀಕ್ಷಿಸುವುದು

ನೂರಾರು ಉತ್ತರಗಳಿಗೆ ಮನುಷ್ಯರೇ ತೀರ್ಪು ಕೊಡುವುದು ಸಾಧ್ಯವಿಲ್ಲ, ಆದ್ದರಿಂದ ಇನ್ನೊಂದು ಭಾಷಾ ಮಾಡೆಲ್‌ಗೆ ಆ ಕೆಲಸ ಒಪ್ಪಿಸುತ್ತೇವೆ. ಸೂಚನೆ ಚಿಕ್ಕದಾಗಿರಲಿ, ಒಂದು ಸಲಕ್ಕೆ ಒಂದೇ ಹೇಳಿಕೆ ಕೊಡಿ:

```
ಕೆಳಗಿನ ತುಣುಕುಗಳಲ್ಲಿ ಬರೆದಿರುವುದನ್ನು ಮಾತ್ರ ಪರಿಗಣಿಸಿ.
ಹೇಳಿಕೆ ಲೋಕದಲ್ಲಿ ನಿಜವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ.
1. ಹೇಳಿಕೆಗೆ ಸಂಬಂಧಿಸಿದ ಸಾಲನ್ನು ಬದಲಾಯಿಸದೆ ಎತ್ತಿ ಬರೆಯಿರಿ.
   ಇಲ್ಲದಿದ್ದರೆ "ಸಾಲಿಲ್ಲ" ಎನ್ನಿ.
2. ಹೇಳಿಕೆಯಲ್ಲಿದ್ದು ಆ ಸಾಲಿನಲ್ಲಿಲ್ಲದ ಅಂಶ ಏನೆಂದು ಬರೆಯಿರಿ.
3. ತೀರ್ಪು: ಇದೆ / ಇಲ್ಲ / ವಿರುದ್ಧ
```

ಎರಡನೆಯ ಸಾಲಿನಲ್ಲಿ ಎಷ್ಟೇ ಒತ್ತಿ ಹೇಳಿದರೂ ತೀರ್ಪುಗಾರ ಮಾಡೆಲ್‌ಗೂ ಅದೇ ಚಟವಿದೆ: ತನಗೆ ಗೊತ್ತಿರುವ ನಿಜವನ್ನು ಕಂಡರೆ “ಇದೆ” ಎನ್ನುವುದು. ಅದಕ್ಕೆ ಬಲೆ ಹಾಕಿ. ಮೇಲಿನ ಮೂರು ತುಣುಕುಗಳನ್ನು ಕೊಟ್ಟು “ಮುಂಬೈ ಮಹಾರಾಷ್ಟ್ರದ ರಾಜಧಾನಿ” ಎಂಬ ಹೇಳಿಕೆಯ ಬಗ್ಗೆ ಕೇಳಿ. “ಇಲ್ಲ” ಎಂದೇ ಬರಬೇಕು. ಇದನ್ನು ದಾಟಿದರೆ ಇನ್ನೂ ಹತ್ತಿರದ ಬಲೆ: ನಮ್ಮ ಹೇಳಿಕೆ 5. ಆಮೇಲೆ ತಿರುಗುಮುರುಗು ಮಾಡಿ, ತುಣುಕಿನಲ್ಲಿ ಶೇ. 6 ಎಂದು ಬದಲಿಸಿ “ಚಾರ್ಜ್ ಸೇವಾ ಶುಲ್ಕದ ಶೇ. 6ನ್ನು ಮೀರಬಾರದು” ಎಂಬುದನ್ನು ಕೇಳಿ, ಲೋಕದಲ್ಲಿ ಅಂಥ ಮಿತಿ ಇಲ್ಲದಿದ್ದರೂ ತೀರ್ಪು “ಇದೆ” ಆಗಬೇಕು. ಇಂಥ ಬಲೆ ಹೇಳಿಕೆಗಳನ್ನು ಇಪ್ಪತ್ತರಷ್ಟು ಮಾಡಿಟ್ಟುಕೊಂಡು, ತೀರ್ಪುಗಾರ ಮಾಡೆಲ್‌ನ ಆವೃತ್ತಿ ಬದಲಾದಾಗೆಲ್ಲ ಮತ್ತೆ ಓಡಿಸಿ.

ಅನುಮಿತಿ, ಅಂದರೆ ಒಂದು ಮಾತಿನಿಂದ ಇನ್ನೊಂದು ಮಾತು ಹೊರಡುತ್ತದೆಯೇ ಎಂಬುದನ್ನು, ಪರೀಕ್ಷಿಸಲೆಂದೇ ತರಬೇತಿ ಕೊಟ್ಟ ಚಿಕ್ಕ ಮಾಡೆಲ್‌ಗಳನ್ನು ಬಳಸುವವರೂ ಇದ್ದಾರೆ. ಅವು ಅಗ್ಗ, ವೇಗ. ಆದರೆ ಇವುಗಳ ತರಬೇತಿಗೆ ಹೆಚ್ಚಾಗಿ ಬಳಸುವ ಎಕ್ಸ್‌ಎನ್‌ಎಲ್‌ಐ ದತ್ತಾಂಶದ 15 ಭಾಷೆಗಳಲ್ಲಿ ಹಿಂದಿ, ಉರ್ದು ಇವೆ, ಕನ್ನಡ ಮರಾಠಿ ಎರಡೂ ಇಲ್ಲ. ಜೊತೆಗೆ ಇವುಗಳಲ್ಲಿ ಹಲವು 512 ಟೋಕನ್‌ಗಿಂತ ಉದ್ದದ್ದನ್ನು ಓದುವುದಿಲ್ಲ. ಮಾಡೆಲ್ ಪಠ್ಯವನ್ನು ಒಡೆದು ಓದುವ ಚೂರೇ ಟೋಕನ್. ಕನ್ನಡದ ಉದ್ದ ಪದಗಳು ಹಲವು ಟೋಕನ್‌ಗಳಾಗಿ ಒಡೆಯುವುದರಿಂದ ಒಂದು ಪುಟದ ಸರ್ಕ್ಯುಲರ್ ಅರ್ಧಕ್ಕೇ ಕತ್ತರಿಸಿಹೋಗಬಹುದು, ಅದೂ ಸದ್ದಿಲ್ಲದೆ. ಬಳಸುವುದಾದರೆ ತುಣುಕನ್ನು ಎರಡು ಮೂರು ವಾಕ್ಯಗಳ ಕಿಟಕಿಗಳಾಗಿ ಮಾಡಿ, ಪ್ರತಿ ಕಿಟಕಿಗೂ ಹೇಳಿಕೆಯನ್ನು ಹೋಲಿಸಿ, ಅತಿ ಹೆಚ್ಚು ಅಂಕ ಬಂದ ಕಿಟಕಿಯನ್ನು ತೆಗೆದುಕೊಳ್ಳಿ. ಎರಡು ತುಣುಕು ಸೇರಿಸಿ ಹೊರಡುವ ರೂ. 260ರಂಥ ಹೇಳಿಕೆ ಈ ಬಗೆಯಲ್ಲಿ ಅನ್ಯಾಯವಾಗಿ ಫೇಲ್ ಆಗುತ್ತದೆ, ಅಂಥವನ್ನು ಬೇರೆ ತೆಗೆದಿಡಿ.

ಇನ್ನು ಮನುಷ್ಯರ ತೀರ್ಪಿನ ಜೊತೆ ತಾಳೆ ನೋಡುವುದು. ಇಬ್ಬರು ಒಬ್ಬರನ್ನೊಬ್ಬರು ಕೇಳದೆ 200 ಹೇಳಿಕೆಗಳಿಗೆ ತೀರ್ಪು ಕೊಡಲಿ. ಸರಳವಾಗಲೆಂದು ಇಲ್ಲಿ “ಇದೆ”, “ಇಲ್ಲ” ಎರಡೇ ಬಗೆ ಎಂದುಕೊಳ್ಳೋಣ. 170ರಲ್ಲಿ ಒಮ್ಮತ ಬಂದರೆ ಶೇ. 85, ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಶೇ. 80 ಹೇಳಿಕೆಗಳಿಗೆ “ಇದೆ” ಎನ್ನುವವರಾಗಿದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಒಮ್ಮತ ಶೇ. 68 ಬರುತ್ತಿತ್ತು. ಆ ಅದೃಷ್ಟದ ಪಾಲನ್ನು ಕಳೆಯುವ ಅಳತೆ ಕೋಹೆನ್‌ನ ಕಪ್ಪಾ:

```
0.80 × 0.80 + 0.20 × 0.20 = 0.68
(0.85 − 0.68) / (1 − 0.68) = 0.53
```

0.53 ಬಂದರೆ ತೀರ್ಪುಗಾರ ಮಾಡೆಲ್ ಅನ್ನು ದೂರುವ ಮೊದಲು ನಿಯಮಪುಸ್ತಕವನ್ನು ತಿದ್ದಬೇಕು. ಇಬ್ಬರು ಮನುಷ್ಯರೇ ಇಷ್ಟು ಭಿನ್ನವಾಗಿದ್ದರೆ ಮಾಡೆಲ್ ಯಾರನ್ನು ಅನುಸರಿಸಬೇಕು? ಭಿನ್ನವಾದ 30 ಹೇಳಿಕೆಗಳನ್ನು ಮುಂದಿಟ್ಟುಕೊಂಡು ಕೂತರೆ ಜಗಳ ಬಹುಪಾಲು ಎರಡು ಮೂರು ಕಡೆಯೇ ಇರುತ್ತದೆ: ಬಹುದು ಎಂಬುದು ಬೇಕು ಆದದ್ದು, ಲೆಕ್ಕದಿಂದ ಬಂದ ಅಂಕಿ, ಮತ್ತು “ಸಾಮಾನ್ಯಜ್ಞಾನ”. ಕೊನೆಯದಕ್ಕೆ ಗಟ್ಟಿ ಗೆರೆ ಹಾಕಿ. ಒಂದು ವರ್ಷಕ್ಕೆ 12 ತಿಂಗಳು ಎಂಬುದಕ್ಕೆ ಆಧಾರ ಕೇಳಬೇಕಿಲ್ಲ. ಎಲ್ಲ ಸೊಸೈಟಿಗಳೂ ಹೀಗೇ ಮಾಡುತ್ತವೆ ಎಂಬುದಕ್ಕೆ ಕೇಳಲೇಬೇಕು.

ಈ ಪರೀಕ್ಷೆಗೆ ಕಾಣದ್ದು

ಆಕರನಿಷ್ಠೆ ಉತ್ತರದಲ್ಲಿ ಇರುವುದನ್ನು ಮಾತ್ರ ಅಳೆಯುತ್ತದೆ, ಬಿಟ್ಟುಹೋದದ್ದನ್ನು ಅಲ್ಲ. “ಕರಾರಿನ ಪ್ರತಿ ಕೊಡಬೇಕು” ಎಂದಷ್ಟೇ ಬರೆದು ಚಾರ್ಜ್‌ನ ಮಾತೇ ಎತ್ತದ ಉತ್ತರಕ್ಕೆ 1.0 ಸಿಗುತ್ತದೆ. “ಮಾಹಿತಿ ಇಲ್ಲ” ಎಂದಷ್ಟೇ ಹೇಳುವ ಮಾಡೆಲ್‌ಗೆ ಹೇಳಿಕೆಯೇ ಇಲ್ಲ, ಭಾಗಿಸಲು ಸೊನ್ನೆ. ಅಂಥ ಉತ್ತರಗಳನ್ನು ಸರಾಸರಿಯಲ್ಲಿ ಸೇರಿಸದೆ ಬೇರೆ ಎಣಿಸಿ, ತುಣುಕಿನಲ್ಲಿ ಮಾಹಿತಿ ಇದ್ದೂ “ಇಲ್ಲ” ಎಂದದ್ದು ಎಷ್ಟು ಎಂದು ಅದರೊಳಗೆ ಮತ್ತೊಂದು ಎಣಿಕೆ ಇಡಿ. ಮಾಡೆಲ್‌ಗೆ “ತುಣುಕಿನಾಚೆ ಒಂದು ಪದವೂ ಬೇಡ” ಎಂದು ಕಟ್ಟುನಿಟ್ಟು ಮಾಡಿದ ಮರುದಿನ ಆಕರನಿಷ್ಠೆ ಏರುತ್ತದೆ, ಈ ಎಣಿಕೆಯೂ ಏರುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ನೋಡಿದರೆ ಮಾತ್ರ ಏನಾಯಿತೆಂದು ಗೊತ್ತಾಗುವುದು.

ಹಾಗೆಯೇ ಫೇಲ್ ಆದ ಹೇಳಿಕೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ತೀರ್ಪಿನ ಪಕ್ಕದಲ್ಲೇ ಬರೆಯಿರಿ. ನಮ್ಮ ಹೇಳಿಕೆ 5 ನಿಜ, ಆಧಾರ ಮಾತ್ರ ಇಲ್ಲ. ಅಂದರೆ ವಿನಾಯಿತಿಯ ಕಲಮು ಸಂಗ್ರಹದಲ್ಲೇ ಇಲ್ಲ ಅಥವಾ ಇದ್ದೂ ಹುಡುಕಾಟಕ್ಕೆ ಸಿಗಲಿಲ್ಲ. ಸಂಗ್ರಹದಲ್ಲಿ ಪದ ಹಾಕಿ ಹುಡುಕಿ. ಇಲ್ಲದಿದ್ದರೆ ಬೈಲಾದ ಆ ಪುಟವನ್ನು ಸೇರಿಸಬೇಕು. ಇದ್ದರೆ, ಕಲಮು ತುಣುಕಾಗುವಾಗ ನಡುವೆ ಕತ್ತರಿಸಿಹೋಗಿ ಅದರ ಮೇಲಿನ ತಲೆಬರಹ ಇನ್ನೊಂದು ತುಣುಕಿಗೆ ಸೇರಿದೆಯೇ ನೋಡಿ. ತಲೆಬರಹ ಕಳೆದುಕೊಂಡ “ಇವರಿಗೆ ಅನ್ವಯಿಸದು” ಎಂಬ ಪಟ್ಟಿ ಯಾವ ಪ್ರಶ್ನೆಗೂ ಹೊಂದದೆ ಸಂಗ್ರಹದ ತಳದಲ್ಲಿ ಬಿದ್ದಿರುತ್ತದೆ. ಹೇಳಿಕೆ 2 ಮತ್ತು 4ಕ್ಕೆ ಇದಾವುದೂ ಬೇಡ: ಸರಿಯಾದ ತುಣುಕು ಮುಂದೆಯೇ ಇತ್ತು. ಅಲ್ಲಿ ತಿದ್ದಬೇಕಾದದ್ದು ಉತ್ತರ ಬರೆಯುವ ಮಾಡೆಲ್‌ನ ಸೂಚನೆಯನ್ನು. ಯಾವುದರ ಶೇಕಡಾ ಎಂಬುದನ್ನು ತುಣುಕಿನ ಪದದಲ್ಲೇ ಹೇಳಿ, ಮೊತ್ತ ಬರೆಯುವ ಮೊದಲು ಲೆಕ್ಕದ ಎರಡೂ ಅಂಕಿಗಳನ್ನು ತುಣುಕಿನ ಗುರುತಿನೊಂದಿಗೆ ಬರೆಯುವಂತೆ ಮಾಡಿ, ಶೇ. 6ರ ಪ್ರಯೋಗವನ್ನು ಮತ್ತೆ ಐದು ಸಲ ಓಡಿಸಿ.